ಸೆಲ್ವಿ ಮಾತು ಮರೆತ ಸಾಲು

ಕೆಜಿಎಫ್‌ನ ಉರಿಗಾಂನ ಸೆಲ್ವಿ ಇಪ್ಪತ್ತೆರಡು ವರ್ಷದಿಂದ ಆರ್ಕೆಸ್ಟ್ರಾದಲ್ಲಿ ಹಾಡುತ್ತಿದ್ದಾಳೆ. ಮೊನ್ನೆ ಮೊನ್ನೆಯವರೆಗೆ ವೇದಿಕೆಯ ಮೇಲೆ ಅರ್ಥವಿರುವ ಒಂದು ಮಾತನ್ನೂ ಅವಳು ಹಾಡಿರಲಿಲ್ಲ. 'ಹೇ', 'ಹೊಯ್', 'ಡುಮ್ಮ ಡುಮ್ಮ', 'ತಕತಕ', 'ಲಲ್ಲೇ ಲಲ್ಲೇ', ಇವಿಷ್ಟೇ ಅವಳ ಪಾಲಿಗೆ ಬಂದ ಸಾಹಿತ್ಯ. ಮದುವೆ, ಗಣೇಶ, ರಾಜ್ಯೋತ್ಸವ ಯಾವುದೇ ಇರಲಿ, ಮುಂದಿನ ಮೈಕಿನಲ್ಲಿ ಪುಷ್ಪ ನಿಂತು ಮಾತು ಹಾಡುವಳು, ಹಿಂದಿನ ಮೈಕಿನಲ್ಲಿ ಸೆಲ್ವಿ ನಿಂತು 'ಹೊಯ್' ಅನ್ನುವಳು. ನಿರೂಪಕರು ಕೊನೆಯಲ್ಲಿ ಎಲ್ಲರ ಹೆಸರನ್ನೂ ಹೇಳುತ್ತಾರೆ, ಬಲ್ಬಿನ ಸರ ಕಟ್ಟಿದವನ ಹೆಸರನ್ನೂ ಹೇಳುತ್ತಾರೆ, ಸೆಲ್ವಿಯ ಸರದಿ ಬಂದಾಗ 'ಮತ್ತು ಕೋರಸ್' ಎಂದು ಮುಗಿಸುತ್ತಾರೆ.

ಇದರಲ್ಲಿ ನನ್ನ ತಪ್ಪೂ ಇದೆ. ನನ್ನ ಹೆಸರು ಸುಧಾಕರ್. ಬಂಗಾರಪೇಟೆ ರೈಲ್ವೆ ಸ್ಟೇಷನ್ ಎದುರು ಡಿಟಿಪಿ ಅಂಗಡಿ ಇಟ್ಟಿದ್ದೇನೆ, ಮದುವೆ ಪತ್ರಿಕೆ, ಗೃಹಪ್ರವೇಶದ ಕಾರ್ಡು, ಕರಪತ್ರ ಮಾಡಿಕೊಡುತ್ತೇನೆ. ಜೊತೆಗೆ ಹಾಡು ಬರೆಯುವ ಚಟ. ಕೋರಮಂಡಲ್‌ನ ಸೆಲ್ವರಾಜ್ ಕೀಬೋರ್ಡ್ ನುಡಿಸುತ್ತಾನೆ, ಆರ್ಕೆಸ್ಟ್ರಾ ಅವನದೇ, ಅವನಿಗೆ ಬೇಕಾದಾಗ ನಾನು ಹಾಡು ಬರೆದುಕೊಡುವುದು. ಹಾಳೆಯಲ್ಲಿ ನನ್ನ ಮಾತುಗಳನ್ನೆಲ್ಲ ದಪ್ಪ ಅಕ್ಷರದಲ್ಲಿ ಹೊಡೆದು, ಸೆಲ್ವಿ ಹಾಡಬೇಕಾದ ಕಡೆ ಬರೀ 'ಕೋರಸ್' ಎಂದು ಹಾಕಿ ಗೆರೆ ಎಳೆಯುತ್ತಿದ್ದೆ. ಅಲ್ಲಿ ಏನು ಹಾಡಬೇಕೆಂದು ನಾನು ಒಂದು ದಿನವೂ ಯೋಚಿಸಲಿಲ್ಲ. ಅದು ಸೆಲ್ವಿ ನೋಡಿಕೊಳ್ಳುವ ಕೆಲಸ, ಪಂದ್ಯ ನಡೆಯುವಾಗ ಮೈದಾನದ ಸುತ್ತ ಹಗ್ಗ ಕಟ್ಟುವಂಥ ಕೆಲಸ ಅಂತ ತಿಳಿದಿದ್ದೆ. ಕವಿಗೆ ಕೊಬ್ಬು ಇರಬೇಕು ಅಂತಾರೆ, ನನಗೆ ಸ್ವಲ್ಪ ಜಾಸ್ತಿಯೇ ಇತ್ತು.

ಸೆಲ್ವಿಗೆ ಒಂದೇ ಆಸೆ. ಒಂದು ಸಲ, ಒಂದೇ ಒಂದು ಹಾಡನ್ನು ಮುಂದಿನ ಮೈಕಿನಲ್ಲಿ ನಿಂತು ಮಾತುಗಳ ಸಮೇತ ಹಾಡಬೇಕು, ಅವಳ ಹೆಸರನ್ನು ಜನ ಕೇಳಬೇಕು. ಸೀರೆಗೆ ಫಾಲ್ಸ್ ಹೊಲಿದು ಸಂಸಾರ ನಡೆಸುವ ಹೆಂಗಸು, ಬೇರೆ ಏನನ್ನೂ ಯಾರ ಹತ್ತಿರವೂ ಕೇಳಿದವಳಲ್ಲ. ಇದನ್ನೂ ಬಾಯಿಬಿಟ್ಟು ಕೇಳಿರಲಿಲ್ಲ, ಆದರೆ ಪುಷ್ಪ ಹಾಡುವಾಗ ಹಿಂದೆ ನಿಂತ ಅವಳ ತುಟಿ ಅಲ್ಲಾಡುವುದನ್ನು ನಾವೆಲ್ಲ ನೋಡಿದ್ದೆವು.

ಈ ಸಲ ಅವಕಾಶ ತಾನಾಗಿ ಬಂತು. ಕಾಮಸಮುದ್ರದ ಆಚೆ, ಆಂಧ್ರದ ಗಡಿಗೆ ಅಂಟಿಕೊಂಡ ಹಳ್ಳಿಯೊಂದರ ಹಾಲಿನ ಡೈರಿಯ ಹೆಂಗಸರು ಬಂಗಾರಪೇಟೆಯ ಮಹಿಳಾ ಸಂಘಗಳ ನೃತ್ಯ ಸ್ಪರ್ಧೆಗೆ ಹೆಸರು ಕೊಟ್ಟಿದ್ದರು. ಹದಿನಾರು ಜನ. ಚಿಕ್ಕವಳಿಗೆ ಇಪ್ಪತ್ತೆರಡು, ದೊಡ್ಡವರು ಮುನಿಶಾಮಮ್ಮ, ಅವರಿಗೆ ಅರವತ್ತರ ಮೇಲೆ. ಹೊಸ ಹಾಡು ಕಟ್ಟಿಸಿ, ವಾದ್ಯದವರನ್ನು ಕರೆತಂದು ಕುಣಿದರೆ ಹೆಚ್ಚು ಅಂಕ ಅಂತ ನಿಯಮ. ಸಂಘದ ಅಧ್ಯಕ್ಷೆ ವೆಂಕಟರತ್ನಮ್ಮ ಸೆಲ್ವರಾಜನನ್ನು ಹಿಡಿದರು. ಪುಷ್ಪಳಿಗೆ ಏಳು ತಿಂಗಳು, ಡಾಕ್ಟರು ಮಲಗಿರು ಅಂದಿದ್ದರು. "ಮಾತು ನೀನೇ ಹಾಡು ಸೆಲ್ವಿ" ಎಂದ ಸೆಲ್ವರಾಜ್. ಅವಳು ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಿಂತುಬಿಟ್ಟಳು. ಆಮೇಲೆ ಗೊತ್ತಾಯಿತು, ಅಳುತ್ತಿದ್ದಳು.

ಸೆಲ್ವಿ ಮುಂದಿನ ಮೈಕಿಗೆ ಹೋದರೆ ಹಿಂದಿನ ಮೈಕಿಗೆ ಯಾರು? ಯಾರೂ ಇಲ್ಲ. ನನಗೆ ಒಳಗೊಳಗೇ ಖುಷಿಯಾಯಿತು. 'ಕೋರಸ್' ಅನ್ನುವ ರಗಳೆಯೇ ಬೇಡ, ಆ ಜಾಗವನ್ನೂ ನನ್ನ ಮಾತಿನಿಂದಲೇ ತುಂಬಿಬಿಡೋಣ ಎಂದು ಕೂತೆ. ಹಸುವಿನ ಮೇಲೆ ಹಾಡು. ಪಲ್ಲವಿ ಹೀಗೆ ಬಂತು:

ಮಂಜಿನ ಮುಸುಕಲಿ ಮುತ್ತಿನ ಹಾರದಿ
ಕ್ಷೀರದ ಧಾರೆಯ ಸುರಿಸುವ ಗೌರಿಯೆ

ಒಂದು ಸಾಲಿಗೆ ಕುಣಿತದ ಎಂಟು ಎಣಿಕೆ, ಎಣಿಕೆಗೆ ಎರಡರಂತೆ ಹದಿನಾರು ಮಾತ್ರೆ. ಹದಿನಾರಕ್ಕೆ ಹದಿನಾರೂ ಭರ್ತಿ. ಒಂದು ಮಾತ್ರೆಯೂ ಪೋಲಾಗಿಲ್ಲವಲ್ಲ ಎಂದು ನನ್ನ ಬೆನ್ನನ್ನು ನಾನೇ ತಟ್ಟಿಕೊಂಡೆ.

ಭಾನುವಾರ ಡೈರಿಯ ಮುಂದಿನ ಅಂಗಳದಲ್ಲಿ ಮೊದಲ ತಾಲೀಮು. ಬೆಳಗಿನ ಹಾಲು ಅಳೆದು ವ್ಯಾನು ಹೋದ ಮೇಲೆ ತೊಳೆದ ಕ್ಯಾನುಗಳನ್ನು ಬೋರಲು ಹಾಕಿ ಜಾಗ ಮಾಡಿದ್ದರು. ಸೆಲ್ವರಾಜ್ ಕೀಬೋರ್ಡನ್ನು ಎರಡು ಕ್ಯಾನಿನ ಮೇಲೆ ಇಟ್ಟ. ಸೆಲ್ವಿ ಹಾಡಿದಳು. ಅವಳ ಗಂಟಲು ಅಷ್ಟು ಚೆನ್ನಾಗಿದೆ ಎಂದು ನನಗೆ ಅವತ್ತೇ ಗೊತ್ತಾಗಿದ್ದು. ಆದರೆ ಕುಣಿತ? ದೇವರೇ ಗತಿ. ಮೊದಲ ಸಾಲಿನಲ್ಲಿ ಅರ್ಧ ಜನ ಬಲಗಾಲು, ಅರ್ಧ ಜನ ಎಡಗಾಲು. ಎರಡನೇ ಸಾಲಿನಲ್ಲಿ ತಿರುಗಬೇಕಾದವರು ಎದುರುಬದುರು ಡಿಕ್ಕಿ ಹೊಡೆದರು. ಮೂರನೇ ಸುತ್ತಿಗೆ ಎಲ್ಲರಿಗೂ ಏದುಸಿರು. ಸೆಲ್ವಿಗೂ ಏದುಸಿರು, ಉಸಿರು ಎಳೆದುಕೊಳ್ಳಲು ಅವಳಿಗೆ ಎಲ್ಲೂ ಸಂದು ಸಿಗಲಿಲ್ಲ.

ವೆಂಕಟರತ್ನಮ್ಮ ಸೊಂಟದ ಮೇಲೆ ಕೈ ಇಟ್ಟುಕೊಂಡು ನನ್ನ ಕಡೆ ತಿರುಗಿದರು. "ಏನಪ್ಪಾ ಸುಧಾಕರ, ನಿನ್ನ ಆಡು ಬೆಳಗ್ಗಿನ ಕಾಮಸಮುದ್ರದ ಬಸ್ಸು ಕಣಪ್ಪ. ಕಾಲಿಡಾಕೆ ಜಾಗ ಇಲ್ಲ. ಅತ್ತಿದೋರು ಇಳಿಯಂಗಿಲ್ಲ, ನಿಂತೋರು ತಿರುಗಂಗಿಲ್ಲ."

"ಅಮ್ಮಾ, ಸಾಹಿತ್ಯ ಗಟ್ಟಿಯಾಗಿದೆ. ನೀವು ಅಭ್ಯಾಸ ಮಾಡಿದರೆ..."

"ಬುಧವಾರ ಸಂಜೆವರ್ಗೂ ನೋಡ್ತೀನಿ. ಆಗ್ನಿಲ್ಲ ಅಂದ್ರೆ ಪೆನ್‌ಡ್ರೈವ್‌ನಾಗೆ ಸಿನಿಮಾ ಆಡು ಆಕ್ಕೊಂಡು ಕುಣಿತೀವಿ. ಮಾರ್ಕು ಓದ್ರೆ ಓಗ್ಲಿ."

ಸಿನಿಮಾ ಹಾಡು ಹಾಕಿದರೆ ಸೆಲ್ವಿಗೆ ಮೈಕೂ ಇಲ್ಲ, ಹೆಸರೂ ಇಲ್ಲ. ಅವಳ ಮುಖ ಬಿಳಿಚಿಕೊಂಡಿತು. ನಾನೋ, ಸಿಟ್ಟಿನಲ್ಲಿ ಟೀ ಕುಡಿಯಲು ಎದ್ದುಹೋದೆ. ಹಸು ಕರೆಯುವವರಿಗೆ ಕ್ಷೀರ ಅಂದರೆ ತಿಳಿಯದೆ ಹೋದರೆ ಕವಿ ಏನು ಮಾಡಬೇಕು, ನೀವೇ ಹೇಳಿ.

ಸೋಮವಾರವೂ ಅದೇ ಕತೆ. ಮಂಗಳವಾರ ಮುನಿಶಾಮಮ್ಮ ತಿರುಗಲು ಹೋಗಿ, ಹೆಜ್ಜೆ ಎಲ್ಲಿ ಊರಬೇಕೆಂದು ತಿಳಿಯದೆ ಕ್ಯಾನುಗಳ ಮೇಲೆ ಕುಸಿದರು. ಪೆಟ್ಟೇನೂ ಆಗಲಿಲ್ಲ, ಬಿದ್ದಲ್ಲಿಂದಲೇ "ನನ್ನ ಬಿಟ್ಟುಬುಡ್ರಮ್ಮ, ನಾನು ಕ್ಯಾನು ತೊಳ್ಕಂಡು ಇರ್ತೀನಿ" ಎಂದು ನಕ್ಕರು. ಆ ನಗು ನೋಡಿ ಸೆಲ್ವಿಗೆ ತಡೆಯಲಾಗಲಿಲ್ಲ. ಮೈಕು ಕೆಳಗಿಟ್ಟು ಬಂದು ಅವರನ್ನು ಎಬ್ಬಿಸಿದಳು. ಆಮೇಲೆ ನನ್ನ ಹತ್ತಿರ ಬಂದಳು.

"ಸುಧಾಕರಣ್ಣ, ಬೈಬ್ಯಾಡಿ. ನಂಗೆ ಭಾನುವಾರವೇ ಗೊತ್ತಾಯ್ತು ಏನು ತಪ್ಪು ಅಂತ. ಹೇಳ್ನಿಲ್ಲ."

"ಯಾಕೆ?"

"ಹೇಳಿದ್ರೆ ಕೋರಸ್ ಬೇಕು ಅಂತೀರ. ಕೋರಸ್ ಅಂದ್ರೆ ನಾನೇ ತಾನೇ ಹಿಂದಕ್ಕೆ ಹೋಗ್ಬೇಕು?" ಅವಳ ಕಣ್ಣು ತುಂಬಿತ್ತು. "ಹೋಗ್ತೀನಿ, ಪರವಾಗಿಲ್ಲ. ಆ ಅಮ್ಮ ಬೀಳೋದು ನೋಡಿ ನಾನು ಮಾತು ಹಾಡಕ್ಕೆ ಆಗಲ್ಲ."

ನನಗೆ ನಾಚಿಕೆಯಾಯಿತು ಅಂತ ಬರೆದರೆ ಸುಳ್ಳಾಗುತ್ತದೆ. ಆಗ ಆಗಿದ್ದು ಸಿಟ್ಟು. ಹಿಂದಿನ ಮೈಕಿನವಳು ನನ್ನ ಸಾಹಿತ್ಯದ ತಪ್ಪು ಹೇಳುವುದೇ? "ಏನಮ್ಮಾ ತಪ್ಪು? ನೀನು ಹಾಡೋ ಡುಮ್ಮ ಡುಮ್ಮಕ್ಕೆ ಅರ್ಥ ಉಂಟಾ?" ಎಂದೆ.

ಸೆಲ್ವಿ ಚೀಲದಿಂದ ಒಂದು ಉದ್ದನೆಯ ನೋಟ್‌ಬುಕ್ ತೆಗೆದಳು. ರಟ್ಟು ಹರಿದು ಅದಕ್ಕೆ ಫಾಲ್ಸ್ ಬಟ್ಟೆಯದೇ ಹೊದಿಕೆ ಹೊಲಿದಿದ್ದಳು. ಒಳಗೆ ತಮಿಳು ಅಕ್ಷರ. ಇಪ್ಪತ್ತೆರಡು ವರ್ಷದಲ್ಲಿ ಅವಳು ಹಾಡಿದ ಕೋರಸ್ಸುಗಳೆಲ್ಲ ಅದರಲ್ಲಿದ್ದವು, ಒಂದು ಹಾಡಿನ ಮಾತೂ ಇರಲಿಲ್ಲ. ಪ್ರತಿ ಅಕ್ಷರದ ತಲೆಯ ಮೇಲೆ ಒಂದು ಗುರುತು: ಸೊನ್ನೆ, ಚುಕ್ಕೆ ಅಥವಾ ಗೆರೆ.

"ಸೊನ್ನೆ ಅಂದ್ರೆ ಹಿಮ್ಮಡಿ. ಚುಕ್ಕೆ ಅಂದ್ರೆ ಕಾಲ್ಬೆರಳು. ಗೆರೆ ಅಂದ್ರೆ ತಿರುಗೋದು" ಎಂದಳು. "ನೀವು ಬಾಯಲ್ಲಿ ಹೇಳಿ ನೋಡಿ ಅಣ್ಣ. ಡುಮ್ಮ. ಎಲ್ಲಿ ಬೀಳ್ತದೆ?"

ನಾನು ಬೇಕೆಂದೇ ಮೆಲ್ಲಗೆ ಹೇಳಿದೆ. ಮೆಲ್ಲಗೆ ಹೇಳಿದರೂ 'ಡು' ಎದೆಯಲ್ಲಿ ಬಿತ್ತು, 'ಮ್ಮ' ಮೂಗಿನಲ್ಲಿ ಗುಂಯ್ ಎಂದು ಸ್ವಲ್ಪ ಹೊತ್ತು ನಿಂತಿತು.

"ಅದು ಭಾರ. ಕಾಲು ಊರಕ್ಕೆ ಅದು. ಈಗ ತಕತಕ ಅನ್ನಿ. ನಾಲಿಗೆ ತುದಿ, ಗಂಟಲು, ನಾಲಿಗೆ ತುದಿ, ಗಂಟಲು. ಎಲ್ಲೂ ನಿಲ್ಲಲ್ಲ. ಅದು ಕುಪ್ಪಳಿಸೋಕೆ. ಲಲ್ಲೇ ಅಂದ್ರೆ ನಾಲಿಗೆ ಉರುಳ್ತದೆ, ಮೈಯೂ ಉರುಳ್ತದೆ. ತಿರುಗೋ ಕಡೆ ಡುಮ್ಮ ಹಾಕಿದ್ರೆ ಕಾಲು ನೆಲಕ್ಕೆ ಅಂಟ್ಕೊಂಡು ಮನುಷ್ಯ ಬೀಳ್ತಾನೆ. ನಿಮ್ಮ ಹಾಡಲ್ಲಿ ಆ ಅಮ್ಮ ತಿರುಗೋ ಜಾಗದಲ್ಲಿ ಏನಿದೆ? ಧಾರೆಯ. ಕಾಲು ಎತ್ತೋ ಹೊತ್ತಿಗೆ ಧಾ ಅಂತ ಕೂರಿಸ್ತೀರ."

"ಇದೆಲ್ಲ ನಿನಗೆ ಯಾರು ಕಲಿಸಿದರು?" ಎಂದೆ. ಈಗ ಸಿಟ್ಟು ಅರ್ಧ ಇಳಿದಿತ್ತು.

"ನಮ್ಮಪ್ಪ."

ಅವಳ ಅಪ್ಪ ಕೆಜಿಎಫ್‌ನ ಚಿನ್ನದ ಗಣಿಯಲ್ಲಿ ಕಲ್ಲು ಕೊರೆಯುವ ಯಂತ್ರ ಹಿಡಿದವರು. ಆ ಸದ್ದಿಗೆ ಕಿವಿ ಹೋಗಿತ್ತು. ಗಣಿ ಕೆಲಸಗಾರರ ಲೈನ್ ಮನೆಯ ಒಂದೇ ಕೋಣೆಯಲ್ಲಿ ಪುಟ್ಟ ಸೆಲ್ವಿ ಎಷ್ಟು ಕಿರುಚಿದರೂ ಮಾತು ಅವರಿಗೆ ತಿಳಿಯುತ್ತಿರಲಿಲ್ಲ. ಒಂದು ದಿನ ಅವಳು ಅಪ್ಪನ ಬೆನ್ನಿಗೆ ಬಾಯಿ ಒತ್ತಿ 'ಡುಮ್ಮ' ಎಂದಳಂತೆ. ಅವರು ಬೆಚ್ಚಿ ತಿರುಗಿ ನಕ್ಕರಂತೆ. ಆಮೇಲೆ ದಿನಾ ಅದೇ ಆಟ. 'ತಕತಕ' ಎಂದರೆ ಬೆನ್ನಿಗೆ ಕಚಗುಳಿ. 'ಡ' ಅಂದರೆ ಪಕ್ಕೆಲುಬಿನವರೆಗೂ ಮುಟ್ಟುತ್ತಿತ್ತು. 'ಸ' ಅಂದರೆ ಏನೂ ತಿಳಿಯುತ್ತಿರಲಿಲ್ಲ, ಅವರು ತಲೆ ಅಲ್ಲಾಡಿಸುತ್ತಿದ್ದರು. ಹೀಗೆ ಯಾವ ಅಕ್ಷರ ಮೈಯಲ್ಲಿ ಎಲ್ಲಿ ಮುಟ್ಟುತ್ತದೆ ಎಂಬುದನ್ನು ಸೆಲ್ವಿ ಅಪ್ಪನ ಬೆನ್ನಿನ ಮೇಲೆ ಕಲಿತಳು. "ಅಪ್ಪಂಗೆ ನನ್ನ ಮಾತು ಒಂದೂ ಕೇಳಿಸ್ನಿಲ್ಲ ಅಣ್ಣ. ಹಾಡು ಮಾತ್ರ ಪೂರ್ತಿ ಕೇಳಿಸ್ಕೊಂಡ್ರು" ಎಂದಳು.

ನನ್ನ ಉಳಿದರ್ಧ ಸಿಟ್ಟೂ ಹೋಯಿತು. ಕ್ಯಾನಿನ ಮೇಲೆ ಕೂತು ಹೊಸ ಹಾಳೆ ತೆಗೆದೆ. ಹೆಂಗಸರೆಲ್ಲ ಸುತ್ತ ಸೇರಿದರು.

"ಮೊದಲು ಏನು ಬೇಕು?" ಎಂದೆ.

"ಮೊದಲು ಒಂದು 'ಏ' ಬೇಕು. ಒಂದನೇ ಪೆಟ್ಟಿಗೆ ಅಲ್ಲ, ಅದರ ಹಿಂದಿನ ಪೆಟ್ಟಿಗೆ. ಎಂಟಕ್ಕೆ. ಅದು ಹೇಳಿದ್ರೇನೇ ಕಾಲಿಗೆ ಗೊತ್ತಾಗೋದು, ಈಗ ಎತ್ತು ಅಂತ. ನೀವು ಒಂದಕ್ಕೇ ಮಾತು ಶುರು ಮಾಡಿದ್ರೆ ಕೇಳಿಸ್ಕೊಂಡು ಎತ್ತೋ ಹೊತ್ತಿಗೆ ಎರಡು ಬಂದಿರ್ತದೆ. ಅದಕ್ಕೇ ಅರ್ಧ ಜನ ಬಲಗಾಲು, ಅರ್ಧ ಜನ ಎಡಗಾಲು."

"ಅಬ್ಬಾ! ಅಸು ಎಬ್ಬಿಸೋವಾಗ ನಾವು 'ಏ' ಅಂದೇ ಆಮೇಲೆ ಎಸ್ರು ಕರೆಯೋದು" ಎಂದರು ಮುನಿಶಾಮಮ್ಮ.

ನಾಲ್ಕು ಎಣಿಕೆ ಮಾತು, ನಾಲ್ಕು ಎಣಿಕೆ ಡುಮ್ಮ ಎಂದಳು ಸೆಲ್ವಿ. ಮಾತು ಕೇಳುವಾಗ ಜನ ಸುಮ್ಮನೆ ತೂಗಾಡಬೇಕು, ಡುಮ್ಮ ಬಂದಾಗ ಮೈಯೆಲ್ಲ ಹೆಜ್ಜೆಗೆ ಕೊಡಬೇಕು. ಆ ಹೊತ್ತಿಗೆ ಮಾತು ಹಾಡುವವಳು ಉಸಿರು ತೆಗೆದುಕೊಳ್ಳುತ್ತಾಳೆ. ಎರಡು ಸಾಲು ಒಂದೇ ಥರ ಇರಬೇಕು, ಆಗ ಕಿವಿ ಮೂರನೆಯದನ್ನೂ ಹಾಗೇ ಕಾಯುತ್ತದೆ. ಮೂರನೆಯದನ್ನು ಮುರಿಯಬೇಕು. ಕಾಯ್ದದ್ದು ಬರದಿದ್ದಾಗಲೇ ಮೈ ಜುಮ್ಮೆನ್ನುವುದು. ಕೊನೆಗೆ 'ಹೊಯ್'. ಅದನ್ನು ಒದ್ದ ಹಾಗೆ ಹೇಳಬೇಕು, ಒಳಗಿನ ಗಾಳಿಯೆಲ್ಲ ಹೊರಗೆ ಹೋಗಬೇಕು. ಹೋದರೆ ಹೊಸ ಉಸಿರು ಕೇಳದೆಯೇ ಒಳಗೆ ಬರುತ್ತದೆ. ಸಾಲು ಮುಗಿಸುವುದೂ ಅದೇ, ಮುಂದಿನ ಸಾಲಿಗೆ ಕಾಲು ಎತ್ತಿಸುವುದೂ ಅದೇ, ಹಾಗಾಗಿ ಎರಡನೇ ಸುತ್ತಿಗೆ 'ಏ' ಬೇಕಾಗಿಲ್ಲ.

ನನ್ನ ಗೌರಿ ಹೋಗಿ ಕೊಟ್ಟಿಗೆಯ ಕೆಂಪಿ ಬಂದಳು. ಕ್ಷೀರ ಹೋಗಿ ಕ್ಯಾನು ಬಂತು.

ಏ...
ಕೆಂಪಿ ಬಂದ್ಳು ಡುಮ್ಮ ಡುಮ್ಮ
ಕ್ಯಾನು ತಂದ್ಳು ಡುಮ್ಮ ಡುಮ್ಮ
ತುಂಬ್ತು ನೋಡೇ ತಕತಕ ತಾ ಹೊಯ್!

ಬೆರಳಿನಲ್ಲಿ ಎಣಿಸಿದೆ. ಮಾತಿಗೆ ನಾಲ್ಕು, 'ತಕತಕ'ಕ್ಕೆ ಎರಡು, 'ತಾ'ಕ್ಕೆ ಒಂದು, 'ಹೊಯ್'ಗೆ ಒಂದು. ಎಂಟು. ಸೆಲ್ವಿ ಹಾಡಿ ತೋರಿಸಿದಳು, ಮಾತನ್ನೂ ಅವಳೇ, ಡುಮ್ಮವನ್ನೂ ಅವಳೇ. ಹದಿನಾರು ಹಿಮ್ಮಡಿ ಒಂದೇ ಸಲ ನೆಲಕ್ಕೆ ಬಿದ್ದವು. ಬೋರಲು ಹಾಕಿದ ಕ್ಯಾನುಗಳೆಲ್ಲ ಝಣ್ ಎಂದವು. ಎಲ್ಲರೂ ಒಟ್ಟಿಗೆ ಕಿರುಚಿದರು. ವೆಂಕಟರತ್ನಮ್ಮ ನನ್ನ ಭುಜಕ್ಕೆ ಹೊಡೆದ ಹೊಡೆತ ಎರಡು ದಿನ ನೋಯುತ್ತಿತ್ತು.

ಕಲಿತದ್ದನ್ನು ಅತಿ ಮಾಡುವುದು ನನ್ನ ಹುಟ್ಟುಗುಣ. ಟೀ ಬರುವಷ್ಟರಲ್ಲಿ ಚರಣಕ್ಕೆಲ್ಲ ಡುಮ್ಮ, ತಕ, ಲಲ್ಲೇ ತುಂಬಿಸಿ ಹಾಳೆ ಚಾಚಿದೆ. ಸೆಲ್ವರಾಜ್ ಅದನ್ನು ಓದಿ ಹೇಳಿದ. ಸೆಲ್ವಿ ಹಣೆ ಚಚ್ಚಿಕೊಂಡಳು.

"ಅಯ್ಯೋ ಕಡವುಳೇ, ದೇವ್ರೇ! ಅಣ್ಣ, ಸಾರಿಗೆ ಒಗ್ಗರಣೆ ಹಾಕಿ ಅಂದ್ರೆ ಒಗ್ಗರಣೇನೇ ಸಾರು ಮಾಡಿದ್ದೀರ. ಯಾರ ಹಸು, ಏನಾಯ್ತು ಅಂತ ಜನಕ್ಕೆ ಗೊತ್ತಾಗೋದು ಬ್ಯಾಡ್ವಾ? ಮಾತು ಇದ್ರೇನೇ ಡುಮ್ಮಕ್ಕೆ ಬೆಲೆ."

ಹಾಗಾಗಿ ಚರಣದಲ್ಲಿ ಮಾತಿಗೇ ಜಾಗ ಬಿಟ್ಟೆವು. ಎರಡನೇ ಚರಣಕ್ಕೆ ನನ್ನ ಆಸೆಗೆ ಒಂದು ಸಾಲು ಉಳಿಸಿಕೊಂಡೆ: 'ಹಾಲಿನ ಹೊಳೆಯಲಿ ಹಗಲಿನ ದೀಪ.' ನಾನು ಬರೆದ ಸಾಲುಗಳಲ್ಲೇ ಚೆಂದದ್ದು. ಸೆಲ್ವಿ ಅದನ್ನು ಕೇಳಿ ತಲೆದೂಗಿದಳು. "ಇದು ಹೊರಳಿ ಹೊರಳಿ ಹೋಗ್ತದೆ, ಇಲ್ಲಿ ಸುತ್ತಬಹುದು" ಎಂದಳು. ಕೊನೆಗೆ ನನಗೂ ಒಂದು ಮಾರ್ಕು ಸಿಕ್ಕಿತು.

ಆಮೇಲೆ ಅವಳೇ ಮೈಕನ್ನು ಸೆಲ್ವರಾಜನ ಮುಂದಕ್ಕೆ ತಳ್ಳಿದಳು. "ಮಾತು ಹಾಡೋಕೆ ಯಾರನ್ನಾದ್ರೂ ಕರ್ಸು. ನಾನು ಹಿಂದೆ ಇರ್ತೀನಿ. ಎರಡೂ ಒಬ್ಬಳೇ ಹಾಡಿದ್ರೆ ಮೂರು ನಿಮಿಷಕ್ಕೆ ಗಂಟಲು ಹೋಗ್ತದೆ."

 ಸೆಲ್ವರಾಜ್ ಕೀಬೋರ್ಡಿನ ಕಡೆ ನೋಡಿದ, ನಾನು ನನ್ನ ಚಪ್ಪಲಿಯ ಕಡೆ. ಮುನಿಶಾಮಮ್ಮ ಸೊಂಟಕ್ಕೆ ಸೆರಗು ಸಿಕ್ಕಿಸಿಕೊಂಡು ಎದ್ದರು.

"ಯಾಕಮ್ಮಾ ಯಾರ್ನೋ ಕರ್ಸೋದು? ನಮಗೆ ಬಾಯಿಲ್ವಾ? ಡುಮ್ಮ ಅನ್ನಾಕೆ ಸ್ಕೂಲಿಗೆ ಓಗ್ಬೇಕಾ? ನೀನು ಮಾತಾಡು ತಾಯಿ, ಮಿಕ್ಕಿದ್ದು ನಾವು ಅಂತೀವಿ."

ಹೇಳಿದಷ್ಟು ಸುಲಭವಾಗಲಿಲ್ಲ. 'ಡುಮ್ಮ' ಸರಿಹೋಯಿತು, ಕಾಲು ಊರಿದಾಗ ಉಸಿರು ತಾನೇ ಹೊರಗೆ ಬರುತ್ತದೆ, ಅದರ ಜೊತೆ ಅಕ್ಷರವೂ ಬಂತು. ಆದರೆ 'ತಕತಕ'ಕ್ಕೆ ಕುಪ್ಪಳಿಸುತ್ತ ಬಾಯಿಯಲ್ಲೂ ಹೇಳಲು ಹೋಗಿ ಎಲ್ಲರೂ 'ತ... ಕ...' ಎಂದು ಬಾಯಿಬಾಯಿ ಬಿಟ್ಟರು. ಸೆಲ್ವಿ ಎರಡು ಸಾಲು ಮಾಡಿದಳು. ಮುಂದಿನ ಎಂಟು ಜನ ಕುಪ್ಪಳಿಸುವಾಗ ಹಿಂದಿನ ಎಂಟು ಜನ ನಿಂತು 'ತಕತಕ' ಅನ್ನುವುದು, ಮುಂದಿನ ಸುತ್ತಿಗೆ ಅದಲುಬದಲು. 'ಹೊಯ್' ಮಾತ್ರ ಹದಿನಾರೂ ಜನ. ಬುಧವಾರ ಸಂಜೆ, ಗಡುವಿನ ಹೊತ್ತಿಗೆ, ಹಾಲು ಹಾಕಲು ಬಂದ ಗಂಡಸರು ಪಾತ್ರೆ ಕೆಳಗಿಡದೆ ನಿಂತು ನೋಡುತ್ತಿದ್ದರು. ವೆಂಕಟರತ್ನಮ್ಮ ಪೆನ್‌ಡ್ರೈವ್ ಸುದ್ದಿಯನ್ನೇ ಎತ್ತಲಿಲ್ಲ.

ಸ್ಪರ್ಧೆ ಭಾನುವಾರ ಮಧ್ಯಾಹ್ನ, ಬಂಗಾರಪೇಟೆಯ ಶಾಲೆಯೊಂದರ ಮೈದಾನದಲ್ಲಿ. ಶಾಮಿಯಾನದ ತುಂಬ ಜನ. ಅರ್ಧ ಕೆಜಿಎಫ್‌ನ ತಮಿಳು ಮಾತು, ಕಾಲು ಭಾಗ ತೆಲುಗು, ಉಳಿದದ್ದು ಕನ್ನಡ, ಬೋಂಡ ಎಲ್ಲರದೂ ಒಂದೇ ಅಂಗಡಿಯದು. ಸೆಲ್ವಿ ಪುಷ್ಪಳ ರೇಷ್ಮೆ ಸೀರೆ ಕೇಳಿ ಉಟ್ಟುಕೊಂಡು ಬಂದಿದ್ದಳು. ನಿರೂಪಕಿ ಚೀಟಿ ನೋಡಿ ಓದಿದಳು: "ಗಾಯನ, ಉರಿಗಾಂನ ಶ್ರೀಮತಿ ಸೆಲ್ವಿ." ಸೆಲ್ವಿ ಕಣ್ಣು ಮುಚ್ಚಿದಳು. ನಾನು ಪಕ್ಕದಲ್ಲಿ ಪರದೆಯ ಸಂದಿಯಲ್ಲಿ ನಿಂತು ನೋಡುತ್ತಿದ್ದೆ.

'ಏ' ಎಂದಳು. ಹದಿನಾರು ಕಾಲು ಎದ್ದವು. ಕೆಂಪಿ ಬಂದಳು, ಕ್ಯಾನು ತಂದಳು, ಹಲಗೆಯ ವೇದಿಕೆ ಡುಮ್ಮ ಡುಮ್ಮ ಎಂದಿತು. ಮೊದಲ 'ಹೊಯ್'ಗೇ ಜನ ಬೋಂಡ ಕೆಳಗಿಟ್ಟರು. ಮೊದಲ ಚರಣ ನೀರಿನ ಹಾಗೆ ಹೋಯಿತು.

ಎರಡನೇ ಚರಣ. ಹೆಂಗಸರು ಸುತ್ತಲು ಕೈ ಚಾಚಿದರು. ಈಗ 'ಹಾಲಿನ ಹೊಳೆಯಲಿ' ಬರಬೇಕು. ಸೆಲ್ವಿ ಬಾಯಿ ತೆರೆದಳು. ಅವಳ ಕಣ್ಣು ದೊಡ್ಡದಾಯಿತು. ನನಗೆ ತಕ್ಷಣ ತಿಳಿಯಿತು, ಮರೆತಿದ್ದಾಳೆ. ಇಪ್ಪತ್ತೆರಡು ವರ್ಷ ಸಾವಿರಾರು ಹಾಡಿಗೆ ನಿಂತ ಹೆಂಗಸು, ಆದರೆ ಮಾತನ್ನು ನೆನಪಿಟ್ಟುಕೊಳ್ಳುವ ಕೆಲಸವನ್ನು ಅವಳಿಗೆ ಯಾರೂ ಯಾವತ್ತೂ ಕೊಟ್ಟಿರಲಿಲ್ಲವಲ್ಲ.  ಪಕ್ಕದಿಂದ ಹೇಳಿಕೊಡೋಣವೆಂದರೆ ಕೀಬೋರ್ಡಿನ ಸದ್ದಿನಲ್ಲಿ ನನ್ನ ದನಿ ಅವಳಿಗೆ ಮುಟ್ಟುವ ಹಾಗಿರಲಿಲ್ಲ.

ಅವಳು ಒಂದು ಪೆಟ್ಟನ್ನೂ ಬಿಡಲಿಲ್ಲ.

ಜೂಲುಲು ಜುಲುಜುಲು ಡಗಡಗ ಡುಮ್ಮ!

ಹೆಂಗಸರು ಸುತ್ತಿದರು. 'ಜೂಲುಲು'ಗೆ ಲಂಗ ದಾವಣಿ, ಸೀರೆ ಎಲ್ಲ ಕೊಡೆಯ ಹಾಗೆ ಅರಳಿದವು, 'ಡಗಡಗ'ಕ್ಕೆ ಸುತ್ತು ನಿಂತಿತು, 'ಡುಮ್ಮ'ಕ್ಕೆ ಹಿಮ್ಮಡಿ ಬಿತ್ತು. ಮುನಿಶಾಮಮ್ಮ ಎಲ್ಲರಿಗಿಂತ ಮುಂಚೆ ಸುತ್ತಿ ಬಂದು ನಿಂತು ಜನರ ಕಡೆ ನೋಡಿ ನಕ್ಕರು. ನಾನು ಅಭ್ಯಾಸಬಲದಿಂದ ಬೆರಳಿನಲ್ಲಿ ಎಣಿಸಿದೆ. 'ಹಾಲಿನ' ಇದ್ದಲ್ಲಿ 'ಜೂಲುಲು', 'ಹೊಳೆಯಲಿ' ಇದ್ದಲ್ಲಿ 'ಜುಲುಜುಲು', 'ಹಗಲಿನ' ಇದ್ದಲ್ಲಿ 'ಡಗಡಗ', 'ದೀಪ' ಇದ್ದಲ್ಲಿ 'ಡುಮ್ಮ'. ಮಾತ್ರೆಗೆ ಮಾತ್ರೆ, ಎಳೆತಕ್ಕೆ ಎಳೆತ. ಅರ್ಥವೊಂದು ಬಿಟ್ಟು ನನ್ನ ಸಾಲು ಪೂರ್ತಿ ಅವಳ ಬಾಯಿಯಲ್ಲಿತ್ತು. ಬೇಜಾರಾಯಿತು, ನಿಜ ಹೇಳುತ್ತೇನೆ. ಆದರೆ ಬಿಂದಿಗೆಗೆ ಹಾಲು ಬೀಳುವ ಸದ್ದು ನನ್ನ ಸಾಲಿನಲ್ಲಿ ಇರಲಿಲ್ಲ, ಅವಳದರಲ್ಲಿ ಇತ್ತು.

ಚರಣದ ಆ ಸಾಲು ಎರಡು ಸಲ ಬರಬೇಕು. ಸೆಲ್ವರಾಜ್ ಬುದ್ಧಿವಂತ, ನಗುತ್ತ ಮತ್ತೆ ಅಲ್ಲಿಗೇ ತಂದು ನಿಲ್ಲಿಸಿದ. ಸೆಲ್ವಿ ಅದನ್ನೇ ಹಾಡಿದಳು, ಈ ಸಲ ಹೆದರಿಕೆ ಇರಲಿಲ್ಲ. 'ಡಗಡಗ ಡುಮ್ಮ' ಎಂಬಲ್ಲಿ ಶಾಮಿಯಾನವೂ ದನಿಗೂಡಿಸಿತು. 'ಕೆಂಪಿ ಬಂದ್ಳು' ಎಂದಾಗ ಕನ್ನಡದವರು ಮಾತ್ರ ಹಾಡಿದ್ದರು. ಈಗ ತಮಿಳು, ತೆಲುಗು, ಕನ್ನಡ ಯಾರ ಬಾಯಿ ಯಾವುದೆಂದು ಹೇಳುವ ಹಾಗಿರಲಿಲ್ಲ. ಸೆಲ್ವರಾಜ್ ಬಿಡದೆ ಮೂರನೆಯ ಸಲವೂ ಅಲ್ಲಿಗೇ ತಂದ, ತೀರ್ಪುಗಾರರ ಮೇಜಿನ ಮೇಲಿನ ನೀರಿನ ಬಾಟಲಿ ಕುಣಿಯುತ್ತಿತ್ತು. ನನಗೇ ತಿಳಿಯದಂತೆ ನಾನೂ 'ಹೊಯ್' ಎಂದಿದ್ದೆ.

ನಮಗೆ ಬಂದದ್ದು ಎರಡನೇ ಬಹುಮಾನ. ಮೊದಲನೆಯದು ತಲೆಯ ಮೇಲೆ ಐದು ಬಿಂದಿಗೆ ಹೊತ್ತವರಿಗೆ ಹೋಯಿತು, ಅದಕ್ಕೆ ಜಗಳವಿಲ್ಲ. ವೆಂಕಟರತ್ನಮ್ಮ ಮಾತ್ರ "ಬಿಂದಿಗೆ ಒಂದಾದ್ರೂ ಬೀಳ್ಬಾರದಾಗಿತ್ತಾ" ಎಂದು ವ್ಯಾನು ಹತ್ತುವವರೆಗೂ ಗೊಣಗುತ್ತಿದ್ದರು.

ಸೆಲ್ವಿ ಪರದೆಯ ಹಿಂದೆ ನನ್ನನ್ನು ಕಂಡು ಅತ್ತಳು. "ನಿಮ್ಮ ಒಳ್ಳೇ ಸಾಲು ಅಣ್ಣ. ಕೊಂದ್‌ಬಿಟ್ಟೆ. ಒಂದೇ ಸಲ ಮಾತು ಕೊಟ್ರಿ, ಅದನ್ನೂ ನೆಟ್ಟಗೆ ಹಾಡ್ನಿಲ್ಲ. ಇನ್ಮೇಲೆ ಕೇಳಲ್ಲ."

ನಾನು ಏನು ಹೇಳಿದರೂ ಅವಳು ನಂಬುವ ಹಾಗಿರಲಿಲ್ಲ. ಉರಿಗಾಂ ಹಾದು ಹೋಗುವ ಮಾರಿಕುಪ್ಪಂ ರೈಲಿಗೆ ಅವಳನ್ನು ಹತ್ತಿಸಲು ಸ್ಟೇಷನ್ನಿಗೆ ಬಂದೆ. ಪ್ಲಾಟ್‌ಫಾರಂ ಮೇಲೆ, ಮೈದಾನದಿಂದ ಮರಳುತ್ತಿದ್ದ ಒಂದು ತಮಿಳು ಸಂಸಾರ ಗಂಟುಮೂಟೆ ಇಟ್ಟುಕೊಂಡು ಕೂತಿತ್ತು. ಅಜ್ಜಿಯೊಬ್ಬಳು ಮೊಮ್ಮಗಳನ್ನು ಕಾಲ ಮೇಲೆ ನಿಲ್ಲಿಸಿಕೊಂಡು ಆಡಿಸುತ್ತಿದ್ದಳು: "ಜೂಲುಲು ಜುಲುಜುಲು ಡಗಡಗ..." ಮಗು ಕಾದು ಕಾದು 'ಡುಮ್ಮ' ಎಂದು ಕೂತು ಕೇಕೆ ಹಾಕಿತು. ಸೆಲ್ವಿ ನನ್ನ ತೋಳು ಹಿಡಿದುಕೊಂಡಳು, ರೈಲು ಬರುವವರೆಗೂ ಬಿಡಲಿಲ್ಲ.

ಮಾರನೆಯ ದಿನ ಅಂಗಡಿ ತೆರೆದು ಮೊದಲು ಮಾಡಿದ ಕೆಲಸ ಆ ಹಾಡಿನ ಹಾಳೆ. ಈ ಸಲ 'ಕೋರಸ್' ಎಂದು ಗೆರೆ ಎಳೆಯಲಿಲ್ಲ. 'ಏ', 'ಡುಮ್ಮ', 'ತಕತಕ ತಾ ಹೊಯ್' ಎಲ್ಲವನ್ನೂ ನನ್ನ ಮಾತಿನಷ್ಟೇ ದಪ್ಪ ಅಕ್ಷರದಲ್ಲಿ ಹೊಡೆದೆ. 'ಹಾಲಿನ ಹೊಳೆಯಲಿ ಹಗಲಿನ ದೀಪ' ತೆಗೆದುಹಾಕಿ, ಒಂದು ನಿಟ್ಟುಸಿರು ಬಿಟ್ಟು, ಅವಳ ಸಾಲು ಹಾಕಿದೆ. ಸಂಜೆ ಉರಿಗಾಂಗೆ ಹೋಗಿ ಕೊಟ್ಟೆ. ಅವಳು ಹೊಲಿಗೆ ಯಂತ್ರದ ಮುಂದೆ ಇದ್ದಳು. ಕನ್ನಡ ಅಕ್ಷರ ಅವಳಿಗೆ ಬರುವುದಿಲ್ಲ.

"ಓದಿ ಅಣ್ಣ."

ಓದಿದೆ. ನಾನು 'ಜೂಲುಲು' ಓದಿದ ಧಾಟಿಗೆ ಅವಳು ಯಂತ್ರದ ಮೇಲೆ ತಲೆ ಇಟ್ಟು ನಕ್ಕಳು. "ರೇಷನ್ ಕಾರ್ಡು ಓದಿದಂಗೆ ಓದ್ತೀರಲ್ಲ!" ಆಮೇಲೆ ಹಾಳೆಯ ತಳಕ್ಕೆ ಬೆರಳಿಟ್ಟಳು. "ಇದೇನು, ಇಲ್ಲಿ ಬೇರೆ ಇನ್ನೇನೋ ಇದ್ದಂಗಿದೆ?"

"ಸಾಹಿತ್ಯ: ಸೆಲ್ವಿ, ಸುಧಾಕರ್" ಎಂದು ಓದಿದೆ.

"ಗಾಯನ ಅಲ್ವಾ?"

"ಗಾಯನ ಮೇಲಿದೆ. ಇದು ಸಾಹಿತ್ಯ. ಬರೆದವರ ಹೆಸರು."

 ಯಂತ್ರದ ಡ್ರಾಯರಿನಿಂದ ನೋಟ್‌ಬುಕ್ ತೆಗೆದು, ಮೊದಲ ಪುಟದಲ್ಲಿ, ಹಾಳೆ ನೋಡಿಕೊಂಡು ಕನ್ನಡದಲ್ಲಿ 'ಸೆಲ್ವಿ' ಎಂದು ನಿಧಾನವಾಗಿ ಬರೆದಳು. ಮೊದಲ ಅಕ್ಷರದ ಮೇಲೆ ಕಾಲ್ಬೆರಳಿನ ಚುಕ್ಕೆ, ಎರಡನೆಯದರ ಮೇಲೆ ಹಿಮ್ಮಡಿಯ ಸೊನ್ನೆ ಹಾಕಿದಳು.

"ಪುಷ್ಪ ಹೆರಿಗೆ ಮುಗ್ಸಿ ಬಂದ್ಮೇಲೆ ಮಾತೆಲ್ಲ ಅವಳೇ ಹಾಡ್ಲಿ ಅಣ್ಣ, ನಂಗೆ ಬ್ಯಾಡ" ಎಂದಳು. "ಈ ಒಂದು ಸಾಲು ಮಾತ್ರ ಅವಳಿಗೆ ಕೊಡಬ್ಯಾಡಿ."